ಲಾಭನಷ್ಟದ ವರದಿಗೆ ಪಾಟಿಸವಾಲು: ಮೂರು ಕಾನೂನು, ಒಂದು ಅಡಿಕೆ ಲೆಕ್ಕ

ತಜ್ಞರ ಅಭಿಪ್ರಾಯಕ್ಕೆ 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಮು ನೆಲೆಯಾಗಿತ್ತು. 2024ರ ಜುಲೈ 1ರಿಂದ ಆ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ಬಂದಿದೆ. ವಿಜ್ಞಾನ, ಕಲೆಗಳ ಜೊತೆಗೆ 'ಇತರ ಯಾವುದೇ ಕ್ಷೇತ್ರ' ಎಂಬ ಮಾತು ಅದರಲ್ಲಿ ಸೇರಿದೆ. ಆದರೆ ಕಾಸರಗೋಡಿನ ವ್ಯಾಪಾರಿಗೆ ಹೆಚ್ಚು ತಟ್ಟಿದ ಬದಲಾವಣೆ ಬೇರೆಯೇ. 2015ರ ವಾಣಿಜ್ಯ ನ್ಯಾಯಾಲಯ ಕಾಯ್ದೆ ಮೊದಲು 1 ಕೋಟಿ ರೂಪಾಯಿ ಮೇಲಿನ ವ್ಯಾಜ್ಯಗಳಿಗಿತ್ತು. 2018ರಲ್ಲಿ ಆ ಮಿತಿ 3 ಲಕ್ಷಕ್ಕೆ ಇಳಿಯಿತು, ಅಡಿಕೆ ಮಂಡಿಯ ಜಗಳವೂ ಅದರ ವ್ಯಾಪ್ತಿಗೆ ಬಂತು. ಕೈಯಲ್ಲಿರುವ ದಾಖಲೆಗಳನ್ನೆಲ್ಲ ದಾವೆಯ ಜೊತೆಗೇ ಹಾಜರುಪಡಿಸಬೇಕು ಎಂಬ ಆ ಕಾಯ್ದೆಯ ನಿಯಮವೂ ಇಂಥ ಜಗಳಗಳಿಗೆ ಅನ್ವಯವಾಯಿತು. ಪಾಟಿಸವಾಲಿನ ತಯಾರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಒಂದು ಕಲ್ಪಿತ ಪ್ರಕರಣ ನೋಡಿ. ಬದಿಯಡ್ಕದ ವ್ಯಾಪಾರಿಯಿಂದ ತಿಂಗಳಿಗೆ 100 ಕ್ವಿಂಟಾಲ್‌ನಂತೆ ಆರು ತಿಂಗಳು ಅಡಿಕೆ ಕೊಳ್ಳುವ ಕರಾರು. ಎರಡು ತಿಂಗಳಾದ ಮೇಲೆ ಕೊಳ್ಳುವವನು ಕೈಬಿಟ್ಟ. ದಾವೆ ಹೂಡಿದ ವ್ಯಾಪಾರಿಯ, ಅಂದರೆ ವಾದಿಯ, ತಜ್ಞ ಲೆಕ್ಕಪರಿಶೋಧಕರು ಉಳಿದ 400 ಕ್ವಿಂಟಾಲನ್ನು ಕ್ವಿಂಟಾಲಿಗೆ 4,000 ರೂಪಾಯಿಯ ಒಟ್ಟು ಲಾಭದಿಂದ ಗುಣಿಸಿ 16 ಲಕ್ಷ ನಷ್ಟ ಎಂದರು.

ವಾದಿಯ ಕನ್ನಡ ಖಾತೆ ಪುಸ್ತಕ ಬೇರೆ ಕಥೆ ಹೇಳುತ್ತದೆ. ವಿಂಗಡಣೆ ಕೂಲಿ, ಗೋಣಿ, ಲಾರಿ ಬಾಡಿಗೆ ಸೇರಿ ಕ್ವಿಂಟಾಲಿಗೆ 1,500 ಖರ್ಚು. ಅಂದರೆ ನಿಜವಾದ ಲಾಭ 2,500. ಆ 400ರಲ್ಲಿ 250 ಕ್ವಿಂಟಾಲನ್ನು ಅವರು ಬೇರೆಯವರಿಗೆ 1,000 ಕಡಿಮೆ ದರಕ್ಕೆ ಮಾರಿದ್ದಾರೆ, 150 ಕ್ವಿಂಟಾಲನ್ನು ಖರೀದಿಸಲೇ ಇಲ್ಲ. ಹಾಗಾದರೆ ನಷ್ಟ 2.5 ಲಕ್ಷ ಮತ್ತು 3.75 ಲಕ್ಷ, ಒಟ್ಟು 6.25 ಲಕ್ಷ. ನಷ್ಟ ತಗ್ಗಿಸಿಕೊಳ್ಳಲು ಇದ್ದ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕರಾರು ಕಾಯ್ದೆಯ 73ನೇ ಕಲಮಿನ ವಿವರಣೆಯೇ ಹೇಳುತ್ತದೆ.

ಕೊಳ್ಳುವವನ ಪರ ವಕೀಲರ ಪಾಟಿಸವಾಲಿನ ಟಿಪ್ಪಣಿಗೆ ಮೂರು ಅಂಕಣ ಸಾಕು: ಪ್ರಶ್ನೆ, ಅದಕ್ಕೆ ಆಧಾರವಾದ ಪುಟ, ಸಾಕ್ಷಿ ಅಲ್ಲಗಳೆದರೆ ತೋರಿಸುವ ದಾಖಲೆ. ಒಂದು ಪ್ರಶ್ನೆಗೆ ಒಂದೇ ಸಂಗತಿ. ಮೊದಲು ತಜ್ಞರ ಕೈಗೆ ಏನೇನು ಕೊಟ್ಟಿದ್ದರು ಎಂಬುದನ್ನು ಗಟ್ಟಿ ಮಾಡಿಕೊಳ್ಳಬೇಕು: 'ನೀವು ನೋಡಿದ್ದು ವಾದಿ ಕಳಿಸಿದ ಇಂಗ್ಲಿಷ್ ಪಟ್ಟಿಯನ್ನು, ಮೂಲ ಖಾತೆ ಪುಸ್ತಕವನ್ನು ಓದಿಲ್ಲ, ಸರಿಯೇ?' ನಮ್ಮ ಊರುಗಳಲ್ಲಿ ಖಾತೆ ಕನ್ನಡದಲ್ಲಿದ್ದು ತಜ್ಞರು ದೂರದವರಾದಾಗ ಈ ಪ್ರಶ್ನೆಯನ್ನು ಬಿಡಲೇಬಾರದು. ಆಮೇಲೆ '16 ಲಕ್ಷದಲ್ಲಿ ಲಾರಿ ಬಾಡಿಗೆ ಕಳೆದಿಲ್ಲ, ಅಲ್ಲವೇ?', ಕೂಲಿ, ಗೋಣಿಗೂ ಹಾಗೆಯೇ ಒಂದೊಂದು. ಕೊನೆಗೆ, '250 ಕ್ವಿಂಟಾಲ್ ಮಾರಾಟವಾಗಿದ್ದರೆ ನಿಮ್ಮ ಮೊತ್ತ ಇಳಿಯುತ್ತದೆ, ಹೌದೇ?'

ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಖಾತೆ ಪುಸ್ತಕ ನ್ಯಾಯಾಲಯದ ದಾಖಲೆಯಾಗಿ ಗುರುತಾಗದೆ ಅದರ ಮೇಲೆ ಪ್ರಶ್ನೆ ಕೇಳಿದರೆ ಆಕ್ಷೇಪ ಬರುತ್ತದೆ. ವಾದಿ ತನ್ನ ಸಾಕ್ಷಿಗಳಿಗಿಂತ ಮೊದಲು ಹೇಳಿಕೆ ಕೊಡುವುದೇ ರೂಢಿಯಾದ್ದರಿಂದ, ಆತನ ಪಾಟಿಸವಾಲಿನಲ್ಲೇ ಅದನ್ನು ಒಪ್ಪಿಸಿ ಗುರುತು ಹಾಕಿಸಬೇಕು. ಇನ್ನೊಂದು, ಒಪ್ಪಿಗೆ ಸಿಕ್ಕ ಮೇಲೂ 'ಹಾಗಾದರೆ ಏಕೆ ಕಳೆಯಲಿಲ್ಲ?' ಎಂದು ಕೇಳುವುದು. ತಜ್ಞರು ಆ ಒಂದು ಪ್ರಶ್ನೆಗೆ ಹತ್ತು ನಿಮಿಷ ವಿವರಣೆ ಕೊಟ್ಟು ವರದಿಯನ್ನು ಸರಿಪಡಿಸಿಕೊಳ್ಳುತ್ತಾರೆ. ಕಳೆಯದ್ದಕ್ಕೆ ಕಾರಣವನ್ನು ವಾದದಲ್ಲಿ ಹೇಳಬಹುದು, ಸಾಕ್ಷಿಯ ಬಾಯಿಂದ ಅದು ಬೇಕಿಲ್ಲ.