ವರ್ಷಕ್ಕೆ ಎರಡು ಎಂಎಂ ಅನ್ನೋ ಲೆಕ್ಕ

ಆಯುಧ ಪೂಜೆಯ ಆಸುಪಾಸಿನಲ್ಲಿ ನನಗೆ ಫೋನು ಜಾಸ್ತಿ. ವರ್ಷವಿಡೀ ಎಣ್ಣೆ ಜಿಡ್ಡು ಕೂತ ಮೆಷಿನ್ನುಗಳನ್ನು ಅವತ್ತು ಸೀಮೆಎಣ್ಣೆ ಹಾಕಿ ಉಜ್ಜುತ್ತಾರೆ. ಜಿಡ್ಡು ಹೋದ ಮೇಲೆ ಕೆಳಗಿನ ಬಿರುಕು ಕಾಣುತ್ತದೆ.

ಮೈಸೂರಿನ ಕೂರ್ಗಳ್ಳಿ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಿಂದಲೂ ಹಾಗೇ ಕರೆ ಬಂತು. 80 ಟನ್ನಿನ ಹೈಡ್ರಾಲಿಕ್ ಪ್ರೆಸ್. ಎಡಕ್ಕೊಂದು, ಬಲಕ್ಕೊಂದು ಉಕ್ಕಿನ ಪ್ಲೇಟು, ಒಂದೊಂದೂ 200 ಎಂಎಂ ಅಗಲ, 20 ಎಂಎಂ ದಪ್ಪ. ಪ್ರೆಸ್ ಒತ್ತಿದಾಗ ಆ ಎರಡೂ ಪ್ಲೇಟು ಎಳೆತಕ್ಕೆ ಸಿಗುತ್ತವೆ, ಬಿಟ್ಟಾಗ ಸಡಿಲವಾಗುತ್ತವೆ. ಎಡಗಡೆ ಪ್ಲೇಟಿನ ಅಂಚಿನಲ್ಲಿ, ಗ್ಯಾಸ್ ಕಟಿಂಗ್‌ನ ಕಚ್ಚು ಉಳಿದಿದ್ದ ಜಾಗದಲ್ಲಿ ಬಿರುಕು ಹುಟ್ಟಿತ್ತು.

ಮಾಲೀಕರು ಜಾಣರು. ಹೋದ ವರ್ಷವೇ ಬಿರುಕಿನ ತುದಿಗೆ ಸೂಜಿಯಲ್ಲಿ ಗೀರು ಹಾಕಿಟ್ಟಿದ್ದರು. "ಸಾರ್, ಆಗ ಎರಡು ಎಂಎಂ ಇತ್ತು, ಈಗ ನಾಲ್ಕು. ವರ್ಷಕ್ಕೆ ಎರಡು ಎಂಎಂ. ಪ್ಲೇಟು ಇನ್ನೂರು ಎಂಎಂ ಅಗಲ ಇದೆಯಲ್ಲ, ನಾವಿಬ್ರೂ ಇರಲ್ಲ, ಅದು ಇರುತ್ತೆ!"

ಈ ಲೆಕ್ಕ ಕೇಳಿ ಕೇಳಿ ನನಗೆ ಸಾಕಾಗಿದೆ. ಅಳೆದವರ ಮೇಲೆ ಸಿಟ್ಟಿಲ್ಲ. ಅಳೆಯದೇ ಇರುವವರೇ ಜಾಸ್ತಿ. ಆದರೆ ಬಿರುಕು ಹುಡುಗರ ಉಗುರಿನ ಹಾಗೆ ಒಂದೇ ಸಮ ಬೆಳೆಯುವುದಿಲ್ಲ. ಅದು ಉದ್ದವಾದಷ್ಟೂ ಅದರ ಓಟ ಹೆಚ್ಚುತ್ತದೆ.

ವಿಶ್ವೇಶ್ವರಯ್ಯ ನಾಲೆಯಲ್ಲಿ ದಡದಿಂದ ಒಂದು ಚಪ್ಪಡಿ ನೀರಿನೊಳಗೆ ಚಾಚಿಕೊಂಡಿದೆ ಅಂದುಕೊಳ್ಳಿ. ಅದು ತಡೆದ ನೀರೆಲ್ಲ ಅದರ ತುದಿಯನ್ನು ಬಳಸಿಕೊಂಡು ಹೋಗಬೇಕು, ಹಾಗಾಗಿ ತುದಿಯಲ್ಲಿ ಸೆಳೆತ ಜೋರು. ಚಪ್ಪಡಿ ಉದ್ದವಾದಷ್ಟೂ ಸೆಳೆತ ಇನ್ನೂ ಜೋರು. ಪ್ಲೇಟಿನಲ್ಲೂ ಸುಮಾರು ಅದೇ ಕಥೆ. ಬಿರುಕು ಬಿಟ್ಟ ಭಾಗ ಹೊರಲಾರದ ಬಲವೆಲ್ಲ ತುದಿಯ ಸುತ್ತ ಗುಂಪುಗೂಡುತ್ತದೆ. ಪ್ರತಿ ಒತ್ತಿಗೂ ತುದಿಯಲ್ಲಿ ಎಷ್ಟು ಏರಿಳಿತ ಆಗುತ್ತದೆ ಅನ್ನುವುದನ್ನು ΔK ಅಂತ ಬರೆಯುತ್ತೇವೆ. ಅಂಚಿನ ಸಣ್ಣ ಬಿರುಕಿಗೆ ಲೆಕ್ಕ ಇಷ್ಟೇ:

```
ΔK = 1.12 Δσ √(π a)
da/dN = C (ΔK)^m
```

ಇಲ್ಲಿ a ಬಿರುಕಿನ ಉದ್ದ, Δσ ಪ್ಲೇಟಿನ ಎಳೆತದ ಏರಿಳಿತ, da/dN ಅಂದರೆ ಒಂದು ಒತ್ತಿಗೆ ಬಿರುಕು ಎಷ್ಟು ಮುಂದೆ ಹೋಯಿತು ಅನ್ನುವುದು. ಎರಡನೇ ಸಾಲಿಗೆ ಪಾರಿಸ್ ನಿಯಮ ಅಂತ ಹೆಸರು. ಪಾರಿಸ್ ಇಲ್ಲಿ ಊರಲ್ಲ, ಮನುಷ್ಯ. ಎರ್ಡೋಗನ್ ಅನ್ನುವ ಇನ್ನೊಬ್ಬ ಸಂಶೋಧಕರ ಜೊತೆ 1963ರಲ್ಲಿ ಪ್ರಕಟಿಸಿದ್ದು. C, m ಆಯಾ ಲೋಹಕ್ಕೆ ತಕ್ಕ ಅಂಕಿಗಳು, ಸಾಮಾನ್ಯ ಮೈಲ್ಡ್ ಸ್ಟೀಲಿಗೆ m ಸುಮಾರು 3. ಅಂದರೆ ಬಿರುಕು ನಾಲ್ಕು ಪಟ್ಟು ಆದರೆ ΔK ಎರಡು ಪಟ್ಟು, ಬೆಳೆಯುವ ವೇಗ ಎಂಟು ಪಟ್ಟು.

ಕೂರ್ಗಳ್ಳಿಯ ಪ್ಲೇಟಿಗೆ ಬರೋಣ. 80 ಟನ್ನನ್ನು ಎರಡು ಪ್ಲೇಟಿಗೆ ಹಂಚಿದರೆ ಎಳೆತ ಸುಮಾರು 100 ಮೆಗಾಪಾಸ್ಕಲ್. ದಿನಕ್ಕೆ 800 ಒತ್ತು. C ಅನ್ನು 6.9×10⁻¹² ಅಂತ ಹಿಡಿದೆ, ಉದ್ದ ಮೀಟರಿನಲ್ಲಿ, ಎಳೆತ ಮೆಗಾಪಾಸ್ಕಲ್‌ನಲ್ಲಿ. ಎರಡರಿಂದ ನಾಲ್ಕು ಎಂಎಂ ಆಗಲು 2.43 ಲಕ್ಷ ಒತ್ತು ಬೇಕು ಅಂತ ಬಂತು, ಅಂದರೆ 300 ಕೆಲಸದ ದಿನ. ಮಾಲೀಕರ ಸೂಜಿ ಗೀರೂ ಅದನ್ನೇ ಹೇಳುತ್ತಿತ್ತು. ಇಷ್ಟು ಚೆನ್ನಾಗಿ ಕೂಡಿ ಬರುವುದು ಅಪರೂಪ. ಒಂದೇ ಗ್ರೇಡಿನ ಉಕ್ಕಿನಲ್ಲೂ C ಎರಡು ಪಟ್ಟು ಆಚೆ ಈಚೆ ಆಗಬಹುದು.

ಈಗ ಮುಂದಕ್ಕೆ ನೋಡಿ. ನಾಲ್ಕರಿಂದ ಎಂಟಾಗಲು 214 ದಿನ ಸಾಕು. ಎಂಟರಿಂದ ಹದಿನಾರಕ್ಕೆ ಬರೀ 152 ದಿನ. ಪ್ರತಿ ಸಲ ದುಪ್ಪಟ್ಟಾಗಲು ಹಿಂದಿನದರ ಶೇ. 70ರಷ್ಟು ಸಮಯ ಸಾಕು ಅಂತಾಯಿತು. ಇವತ್ತು ದಿನಕ್ಕೆ ಎಂಎಂನ ನೂರರಲ್ಲೊಂದು ಭಾಗ ಹೋಗುತ್ತಿರುವ ಬಿರುಕು, ಹದಿನಾರು ಎಂಎಂ ಆದಾಗ ಅದರ ಎಂಟು ಪಟ್ಟು ಓಡುತ್ತದೆ. ಮಾಲೀಕರು ತೊಂಬತ್ತೆಂಟು ವರ್ಷ ಅಂದುಕೊಂಡಿದ್ದ ಕಡೆ ನನ್ನ ಕಾಗದದಲ್ಲಿ ಇದ್ದದ್ದು ಒಂದು ವರ್ಷ, ಮೇಲೆ ಸ್ವಲ್ಪ.

"ಹದಿನಾರಕ್ಕೆ ಯಾಕೆ ನಿಲ್ಲಿಸಿದ್ರಿ? ಅಷ್ಟಕ್ಕೇ ಮುರಿಯುತ್ತಾ?" ಅಂದರು. ಒಳ್ಳೆಯ ಪ್ರಶ್ನೆ. ಬಹುಶಃ ಮುರಿಯಲ್ಲ. ಉಕ್ಕಿನ ಗಟ್ಟಿತನ ತೀರಾ ಕಡಿಮೆ ಅಂತ ಹಿಡಿದರೂ ನಲವತ್ತು ಎಂಎಂ ಹತ್ತಿರ ಹೋಗಬಹುದು. ಆದರೆ ಹದಿನಾರರಿಂದ ನಲವತ್ತಕ್ಕೆ ಹೋಗಲು ಇದೇ ಲೆಕ್ಕದಲ್ಲಿ ಸುಮಾರು 135 ದಿನ ಅಷ್ಟೇ. ಜೊತೆಗೆ ಆಗ 1.12 ಕೂಡ ಸಾಲದು, ಉಳಿದ ಅಗಲ ಕಡಿಮೆ ಆಗುವುದರಿಂದ ಆ ಅಂಕಿ ಏರುತ್ತಾ ಹೋಗುತ್ತದೆ. ಕೊನೆಯ ಉದ್ದದ ಬಗ್ಗೆ ಜಗಳ ಆಡಿ ಸಿಗುವ ಆಯಸ್ಸು ಸ್ವಲ್ಪ.

ಜಗಳ ಆಡಬೇಕಾದದ್ದು ಮೊದಲ ಉದ್ದದ ಬಗ್ಗೆ. ಅವರ ನಾಲ್ಕು ಎಂಎಂ ಕಣ್ಣಿಗೆ ಕಂಡದ್ದು. ನಾನು ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ, ಡೈ ಪೆನೆಟ್ರಂಟ್ ಹಾಕಿ, ಕಾದು, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದೆ. ಐದು ನಿಮಿಷದಲ್ಲಿ ಬಿಳಿಯ ಮೇಲೆ ಕೂದಲಿನಷ್ಟು ಸಣ್ಣ ಕೆಂಪು ಗೆರೆ ಒಸರತೊಡಗಿತು. ಪಕ್ಕದಲ್ಲಿದ್ದ ಹುಡುಗ "ಕುಂಕುಮ ಉಳಿದಿದೆ ಸಾರ್, ಒರೆಸ್ಲಾ?" ಅಂದ. ಕೈ ಹಿಡಿದು ನಿಲ್ಲಿಸಬೇಕಾಯಿತು. ಆ ಗೆರೆ ಸೂಜಿ ಗೀರನ್ನು ದಾಟಿ ಆರು ಎಂಎಂ ತನಕ ಹೋಗಿತ್ತು. ಬಿರುಕಿನ ತುದಿ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ, ಬರಿಗಣ್ಣಿಗೆ ಸಿಗುವುದಿಲ್ಲ. ಹೋದ ವರ್ಷದ ಎರಡೂ ಹೀಗೇ ಕಡಿಮೆ ಅಳತೆ ಇದ್ದಿರಬೇಕು. ನನ್ನ ಲೆಕ್ಕ ಕೂಡಿ ಬಂದದ್ದರಲ್ಲಿ ಅದೃಷ್ಟದ ಪಾಲೂ ಇತ್ತು. ನಾಲ್ಕರ ಬದಲು ಆರರಿಂದ ಶುರು ಮಾಡಿದರೆ ಹದಿನಾರಕ್ಕೆ 366 ದಿನದ ಬದಲು 232 ದಿನ. ಎರಡು ಎಂಎಂ ತಪ್ಪಿಗೆ ಮೂರನೇ ಒಂದಕ್ಕಿಂತ ಜಾಸ್ತಿ ಆಯಸ್ಸು ಹೋಯಿತು.

ಇನ್ನೊಂದು ವಿಷಯ ಗೇಜ್ ನೋಡಿದಾಗ ಗೊತ್ತಾಯಿತು. ದಪ್ಪ ಶೀಟು ಬಂದಾಗ ಆಪರೇಟರ್ ರಿಲೀಫ್ ವಾಲ್ವ್ ತಿರುಗಿಸಿ ಪ್ರೆಶರ್ ಶೇ. 20 ಏರಿಸುತ್ತಿದ್ದರಂತೆ. "ಇಪ್ಪತ್ತು ಪರ್ಸೆಂಟ್ ತಾನೇ" ಅಂದರು. m ಮೂರು ಇರುವಾಗ 1.2ರ ಘನ 1.73. ಯಾವಾಗಲೂ ಆ ಪ್ರೆಶರಿನಲ್ಲೇ ಓಡಿಸಿದರೆ ಆಯಸ್ಸು ಶೇ. 58ಕ್ಕೆ ಇಳಿಯುತ್ತದೆ. ಅದೇ ಲೆಕ್ಕದಲ್ಲಿ 80 ಟನ್ನಿನಿಂದ ಶೇ. 20 ಇಳಿಸಿದರೆ ಆಯಸ್ಸು ಹೆಚ್ಚುಕಡಿಮೆ ದುಪ್ಪಟ್ಟು.

"ವೆಲ್ಡ್ ಹೊಡೆಸಿ ಮುಚ್ಚಿಬಿಡ್ಲಾ?" ಅಂತ ಕೇಳದೇ ಯಾರೂ ಬಿಡುವುದಿಲ್ಲ. ದಯವಿಟ್ಟು ಬೇಡ. ಬಿರುಕಿನ ಬೇರು ಒಳಗೇ ಉಳಿಯುತ್ತದೆ, ಮೇಲೆ ವೆಲ್ಡ್ ತಣಿಯುವಾಗ ಹೊಸ ಎಳೆತ ಕೂರುತ್ತದೆ. ಈ ಪ್ಲೇಟಿನಲ್ಲಿ ಬಿರುಕು ಇನ್ನೂ ಚಿಕ್ಕದಿತ್ತು, ಉಜ್ಜಿ ತೆಗೆಯಬಹುದಿತ್ತು. ಅಂಚನ್ನು ಎಂಟು ಎಂಎಂ ಆಳಕ್ಕೆ, ನೂರು ಎಂಎಂ ಉದ್ದಕ್ಕೆ ಹರಡಿ, ತಟ್ಟೆಯ ಹಾಗೆ ನಿಧಾನ ಇಳಿಜಾರಿನಲ್ಲಿ ಗ್ರೈಂಡ್ ಮಾಡಿಸಿದೆ. ಕೊನೆಗೆ ಎಳೆತದ ದಿಕ್ಕಿನಲ್ಲೇ ಪಾಲಿಶ್, ಅಡ್ಡ ಗೀರು ಉಳಿಯಬಾರದು. ಮತ್ತೆ ಡೈ ಹಾಕಿ ನೋಡಿದೆ, ಕೆಂಪು ಬರಲಿಲ್ಲ. ಅಗಲ ಶೇ. 4 ಹೋಯಿತು, ತಗ್ಗಿನಲ್ಲಿ ಎಳೆತವೂ ಸ್ವಲ್ಪ ಏರುತ್ತದೆ. ಹಾಗಾಗಿ ಪ್ರೆಶರ್ ಇಳಿಸಲೇಬೇಕು ಅಂದೆ, ಮೂರು ತಿಂಗಳಿಗೊಮ್ಮೆ ಡೈ ಟೆಸ್ಟ್ ಅಂತಲೂ ಬರೆದುಕೊಟ್ಟೆ. ಇದು ಈ ಪ್ಲೇಟಿನ ಮಾತು. ನಿಮ್ಮ ಮೆಷಿನ್ನಿಗೆ ಹೀಗೇ ಮಾಡಿ ಅಂತ ನೋಡದೇ ಹೇಳಲಾರೆ.

ಹೊರಡುವಾಗ ಬಲಗಡೆ ಪ್ಲೇಟು ನೋಡಿದಿರಾ ಅಂತ ಕೇಳಿದೆ. "ಅದರಲ್ಲಿ ಏನೂ ಕಾಣಲ್ಲ ಸಾರ್" ಅಂದರು. ಅದೇ ಗ್ಯಾಸ್ ಕಟಿಂಗ್, ಅದೇ ಕಚ್ಚು, ಅದೇ ಒತ್ತು. ಡೈ ಡಬ್ಬಿಯನ್ನು ಮತ್ತೆ ಬ್ಯಾಗಿನಿಂದ ಹೊರಗೆ ತೆಗೆದೆ.