ಜ್ವರ ಬಿಟ್ಟು ಮೂರು ತಿಂಗಳಿಗೆ ಕೂದಲು ಉದುರುವುದೇಕೆ?

ಜೋರು ಜ್ವರ ಬಂದು ಹೋಗಿ, ಮೈ ಸುಧಾರಿಸಿ, ಕಾಯಿಲೆಯ ನೆನಪೇ ಮಾಸುವ ಹೊತ್ತಿಗೆ ಬಾಚಣಿಗೆ ತುಂಬ ಕೂದಲು ಬರತೊಡಗುತ್ತದೆ. ಆಗ ತಪ್ಪೆಲ್ಲ ಹೋದ ವಾರ ಬದಲಿಸಿದ ಶಾಂಪೂವಿನ ಮೇಲೋ ಸ್ನಾನದ ನೀರಿನ ಮೇಲೋ ಬೀಳುತ್ತದೆ. ಆದರೆ ಇವತ್ತು ಉದುರುವ ಕೂದಲು ಬೆಳೆಯುವುದನ್ನು ನಿಲ್ಲಿಸಿದ್ದು ಸುಮಾರು ಮೂರು ತಿಂಗಳ ಹಿಂದೆ, ಜ್ವರ ಏರಿದ್ದ ದಿನಗಳಲ್ಲಿ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬೇರಿನ ಕಡೆಯಿಂದ ಸೊರಗಿ, ಆಮೇಲೆ ಸುಮಾರು ನೂರು ದಿನ ಸುಮ್ಮನೆ ನೆಟ್ಟಗೆ ನಿಂತಿರುತ್ತದೆ. ಈ ವಿಶ್ರಾಂತಿಯ ಹಂತಕ್ಕೆ ಟೆಲೋಜೆನ್ ಎನ್ನುತ್ತಾರೆ. ಯಾವಾಗ ನೋಡಿದರೂ ನೂರಕ್ಕೆ ಹತ್ತರಷ್ಟು ಕೂದಲು ಈ ಹಂತದಲ್ಲಿರುತ್ತದೆ. ಅಂದರೆ ಹತ್ತು ಸಾವಿರ ಕೂದಲು ನೂರು ದಿನಗಳಲ್ಲಿ ಉದುರಬೇಕು, ದಿನಕ್ಕೆ ಸುಮಾರು ನೂರು. ಇದು ಆರೋಗ್ಯವಂತರ ಲೆಕ್ಕ. ಮೂರು ದಿನ ತಲೆ ತೊಳೆಯದೆ ನಾಲ್ಕನೆಯ ದಿನ ತೊಳೆದರೆ, ಸಡಿಲವಾಗಿ ಸಿಕ್ಕಿಕೊಂಡಿದ್ದದ್ದೆಲ್ಲ ಒಟ್ಟಿಗೆ ಕೈಗೆ ಬರುವುದೂ ಸಹಜವೇ.

ಕೂದಲಿನ ಬುಡದ ಜೀವಕೋಶಗಳು ದೇಹದಲ್ಲೇ ಅತಿ ವೇಗವಾಗಿ ವಿಭಜಿಸುವಂಥವು. ಹಾಗಾಗಿ ಜ್ವರ ಏರಿದಾಗ ದೇಹ ಕೈಬಿಡುವ ಕೆಲಸಗಳಲ್ಲಿ ಕೂದಲು ಬೆಳೆಸುವುದೂ ಒಂದು. ಇನ್ನೂ ವರ್ಷಗಟ್ಟಲೆ ಬೆಳೆಯಬೇಕಿದ್ದ ಕೂದಲುಗಳು ಅವಧಿಗೆ ಮುಂಚೆಯೇ ಒಟ್ಟಾಗಿ ವಿಶ್ರಾಂತಿಗೆ ಹೋಗುತ್ತವೆ. ಹತ್ತರಷ್ಟಿದ್ದದ್ದು ಮೂವತ್ತರಷ್ಟಾದರೆ ಮುಂದೆ ದಿನಕ್ಕೆ ಮುನ್ನೂರು ಉದುರುತ್ತವೆ. 1961ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಎಂಬ ಹೆಸರು ಕೊಟ್ಟರು.

ಬಾಣಂತಿಯರಲ್ಲಿ ಇದೇ ಲೆಕ್ಕ ಬೇರೆ ದಾರಿಯಿಂದ ಬರುತ್ತದೆ. ಬಸುರಿನಲ್ಲಿ ಏರಿದ ಈಸ್ಟ್ರೋಜೆನ್ ಕೂದಲನ್ನು ಬೆಳೆಯುವ ಹಂತದಲ್ಲೇ ಹಿಡಿದಿಡುತ್ತದೆ. ಉದುರಬೇಕಿದ್ದದ್ದೂ ಉಳಿದುಕೊಂಡು ತಲೆ ತುಂಬಿಕೊಂಡಂತೆ ಕಾಣುತ್ತದೆ. ಹೆರಿಗೆಯಾದೊಡನೆ ಹಾರ್ಮೋನು ಇಳಿದು, ತಡೆದಿಟ್ಟಿದ್ದ ಕೂದಲೆಲ್ಲ ಒಟ್ಟಿಗೆ ವಿಶ್ರಾಂತಿಗೆ ಇಳಿಯುತ್ತದೆ. ಮಗುವಿಗೆ ಹಾಲುಣಿಸಿದ್ದರಿಂದಲೇ ಕೂದಲು ಹೋಯಿತೆಂದು ಎದೆಹಾಲು ಬಿಡಿಸಬೇಕಾದ್ದೇ ಇಲ್ಲ.

ಜನವರಿ ಮೊದಲ ವಾರದಲ್ಲಿ ಹೆರಿಗೆಯಾಗಿದೆ ಎಂದುಕೊಳ್ಳಿ. ಏಪ್ರಿಲ್‌ ಹೊತ್ತಿಗೆ ಉದುರುವಿಕೆ ಶುರುವಾಗಿ, ಮೇ ತಿಂಗಳಲ್ಲಿ ಜೋರಾಗಿ, ಜುಲೈ–ಆಗಸ್ಟ್‌ಗೆ ಇಳಿಮುಖವಾಗುತ್ತದೆ. ಆಗ ಕನ್ನಡಿಯಲ್ಲಿ ಹಣೆಯಂಚು ನೋಡಿದರೆ ಮೂರು ನಾಲ್ಕು ಸೆಂಟಿಮೀಟರ್‌ನ ಚೂಪು ತುದಿಯ ಮರಿಗೂದಲು ನಿಮಿರಿ ನಿಂತಿರುತ್ತವೆ. ಏಪ್ರಿಲ್‌ನಲ್ಲಿ ಉದುರಿದವುಗಳ ಜಾಗದಲ್ಲಿ ಹುಟ್ಟಿದವು ಇವೇ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ನಲವತ್ತು ಸೆಂಟಿಮೀಟರ್ ಜಡೆಯ ತುದಿ ಮುಟ್ಟಲು ಇವಕ್ಕೆ ಮೂರು ವರ್ಷಕ್ಕೂ ಹೆಚ್ಚು ಬೇಕು. ಉದುರುವುದು ನಿಂತ ಮೇಲೂ ಜಡೆಯ ತುದಿ ತೆಳ್ಳಗಿರುವುದಕ್ಕೆ ಕಾರಣ ಇಷ್ಟೇ.

ಉದುರಿದ ಕೂದಲಿನ ತುದಿಯಲ್ಲಿ ಸಣ್ಣ ಬಿಳಿ ಗಂಟು ಕಂಡು, ಬೇರೇ ಕಿತ್ತುಬಂತು ಎಂದು ಹೆದರುವವರು ತುಂಬ ಜನ. ಅದು ಬೇರಲ್ಲ. ವಿಶ್ರಾಂತಿ ಮುಗಿಸಿದ ಕೂದಲಿನ ಒಣಗಿದ ಬುಡ. ಕೂದಲನ್ನು ಹುಟ್ಟಿಸುವ ಭಾಗ ಚರ್ಮದೊಳಗೇ ಕ್ಷೇಮವಾಗಿರುತ್ತದೆ, ಅಲ್ಲಿಂದ ಹೊಸ ಕೂದಲು ಆಗಲೇ ಹೊರಟಿರುತ್ತದೆ. ಬೊಕ್ಕತಲೆಯಾಗದಿರುವುದೂ ಇದರಿಂದಲೇ. ಹಾಗಾಗಿ ಐದನೆಯ ತಿಂಗಳಲ್ಲಿ ಹಚ್ಚಲು ಶುರುಮಾಡಿದ ಯಾವ ತೈಲಕ್ಕೂ ಆರನೆಯ ತಿಂಗಳಲ್ಲಿ ಕೀರ್ತಿ ಸಿಗುತ್ತದೆ. ಅದನ್ನು ಹಚ್ಚದಿದ್ದರೂ ಉದುರುವುದು ನಿಲ್ಲುತ್ತಿತ್ತು.

ಇಷ್ಟಾದರೂ ಎಲ್ಲ ಉದುರುವಿಕೆಯೂ ಇದೇ ಜಾತಿಯದ್ದಲ್ಲ. ಇದು ತಲೆಯುದ್ದಕ್ಕೂ ಸಮವಾಗಿ ತೆಳುವಾಗಿಸುತ್ತದೆ, ಚರ್ಮ ಮಾತ್ರ ಎಂದಿನಂತಿರುತ್ತದೆ. ನಾಣ್ಯದಂತೆ ದುಂಡಗೆ ಬೋಳಾದ ಜಾಗ ಕಂಡರೆ, ತಲೆಯ ಚರ್ಮ ಕೆಂಪಾಗಿ ಉರಿದರೆ, ಹೊಟ್ಟು ಕಟ್ಟಿ ಕೀವಾದರೆ ತಡಮಾಡದೆ ಚರ್ಮವೈದ್ಯರನ್ನು ಕಾಣಬೇಕು. ಬೋಳಾದ ಕಡೆ ರಂಧ್ರಗಳೇ ಮುಚ್ಚಿ ಚರ್ಮ ನಯವಾಗಿ ಹೊಳೆಯುತ್ತಿದ್ದರೆ ಇನ್ನೂ ಬೇಗ. ಕಲೆಗಟ್ಟಿದ ಜಾಗದಲ್ಲಿ ಕೂದಲು ಮರಳಿ ಹುಟ್ಟುವುದಿಲ್ಲ. ಬೈತಲೆ ತಿಂಗಳಿಂದ ತಿಂಗಳಿಗೆ ಅಗಲವಾಗುತ್ತ, ಹೊಸ ಕೂದಲು ಹಳೆಯದಕ್ಕಿಂತ ಸಣಕಲಾಗಿ ಬರುತ್ತಿದ್ದರೆ ಅದು ವಂಶದಿಂದ ಬರುವ ಬೇರೆ ತೊಂದರೆ. ಜ್ವರವೋ ಹೆರಿಗೆಯೋ ಅದನ್ನು ಬಯಲಿಗೆ ತಂದಿರುತ್ತದೆ ಅಷ್ಟೇ.

ಉದುರುವುದು ಆರು ತಿಂಗಳು ದಾಟಿದರೆ ರಕ್ತಪರೀಕ್ಷೆಯ ಸಮಯ: ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಥೈರಾಯ್ಡ್‌ನ ಟಿಎಸ್‌ಎಚ್. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದವರಲ್ಲಿ ಕಬ್ಬಿಣ ಬರಿದಾಗಿರಬಹುದು. ಹೆರಿಗೆಯ ನಂತರ ಕೆಲವರಿಗೆ ಥೈರಾಯ್ಡ್ ಉರಿಯೂತ ಬರುವುದೂ ಇದೇ ತಿಂಗಳುಗಳಲ್ಲಿ. ಅತಿಯಾದ ಸುಸ್ತು, ಎದೆ ಹೊಡೆದುಕೊಳ್ಳುವುದು, ಚಳಿ ತಡೆಯಲಾಗದಿರುವುದು ಇದ್ದರೆ ಆರು ತಿಂಗಳು ಕಾಯಬೇಡಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲೇ ವೈದ್ಯರಿಗೆ ತಿಳಿಸಿ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ತಪ್ಪಾಗಿ ತೋರಿಸಬಲ್ಲದು.