ತೂಕವೇ ಇಲ್ಲದ ಬೆಳಕು ಕಪ್ಪುಕುಳಿಯಲ್ಲಿ ಸಿಕ್ಕಿಬೀಳುವುದು ಹೇಗೆ?

ಬದಿಯಡ್ಕದ ಕಡೆಯ ಪ್ಲಸ್ ಟು ಹುಡುಗಿಯೊಬ್ಬಳ ಪ್ರಶ್ನೆ ಇದು: "ಬೆಳಕಿಗೆ ದ್ರವ್ಯರಾಶಿಯೇ ಇಲ್ಲ ಅಂತ ಪಾಠದಲ್ಲಿದೆ. ಹಾಗಾದರೆ ಕಪ್ಪುಕುಳಿ ಅದನ್ನು ಹಿಡಿದಿಡುವುದು ಹೇಗೆ ಸರ್?"

ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಸಾಮಾನ್ಯವಾಗಿ ಹೇಳುವ ಉತ್ತರ ಹೀಗಿರುತ್ತದೆ: ಭೂಮಿಯನ್ನು ಬಿಟ್ಟುಹೋಗಲು ಸೆಕೆಂಡಿಗೆ 11.2 ಕಿ.ಮೀ. ವೇಗ ಬೇಕು, ಸೂರ್ಯನಿಂದಾದರೆ ಸುಮಾರು 618. ಸೂರ್ಯನ ದ್ರವ್ಯವನ್ನೆಲ್ಲ 3 ಕಿ.ಮೀ. ತ್ರಿಜ್ಯದೊಳಗೆ ಅಮುಕಿಬಿಟ್ಟರೆ ಬೇಕಾದ ವೇಗ ಬೆಳಕಿನ ವೇಗವನ್ನೇ ಮುಟ್ಟುತ್ತದೆ, ಅಂದರೆ ಸೆಕೆಂಡಿಗೆ 3 ಲಕ್ಷ ಕಿ.ಮೀ. (ನಮ್ಮ ಸೂರ್ಯ ಹಾಗೆ ಆಗುವುದಿಲ್ಲ, ಅದಕ್ಕೆ ಅಷ್ಟು ತೂಕ ಸಾಲದು.) 1783ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಜಾನ್ ಮಿಚೆಲ್ ಈ ದಾರಿಯಲ್ಲಿ ಯೋಚಿಸಿದ್ದ. ಲೆಕ್ಕ ಸರಿ ಬರುತ್ತದೆ, ಚಿತ್ರ ಮಾತ್ರ ತಪ್ಪು. ಅದರ ಪ್ರಕಾರ ಬೆಳಕು ಎಸೆದ ಕಲ್ಲಿನಂತೆ ಸ್ವಲ್ಪ ಮೇಲೆ ಹೋಗಿ ಕೆಳಗೆ ಬೀಳಬೇಕು. ನಿಜದಲ್ಲಿ ಹಾಗಾಗುವುದಿಲ್ಲ.

ಐನ್‌ಸ್ಟೈನ್ 1915ರಲ್ಲಿ ಹೇಳಿದ್ದೇ ಬೇರೆ. ಗುರುತ್ವ ಅಂದರೆ ವಸ್ತುವನ್ನು ಹಿಡಿದೆಳೆಯುವ ಹಗ್ಗ ಅಲ್ಲ, ದೇಶ-ಕಾಲವೇ, ಅಂದರೆ ಜಾಗವೂ ಸಮಯವೂ ಸೇರಿದ ಹಂದರವೇ ಬಾಗುವುದು. ದಾರಿಯೇ ಬಾಗಿದ ಮೇಲೆ ಹೋಗುವವನಿಗೆ ತೂಕ ಇದ್ದರೇನು, ಇಲ್ಲದಿದ್ದರೇನು?

ಇದನ್ನು ನೋಡುವ ಒಂದು ರೀತಿ ಇದೆ, ಗಣಿತದಲ್ಲೂ ನಿಲ್ಲುವಂಥದ್ದು. ಕಪ್ಪುಕುಳಿಯ ಸುತ್ತ ಅವಕಾಶವೇ, ಅಂದರೆ ಎಲ್ಲ ವಸ್ತುಗಳೂ ಇರುವ ಜಾಗವೇ ಒಳಕ್ಕೆ ಹರಿಯುತ್ತಿದೆ ಅಂದುಕೊಳ್ಳಿ. ಜೂನ್ ತಿಂಗಳ ಪಯಸ್ವಿನಿಯಲ್ಲಿ ಮೀನು ಎದುರು ಹತ್ತುವುದನ್ನು ನೋಡಿದ್ದೀರಲ್ವಾ, ಬೆಳಕಿನದ್ದೂ ಅದೇ ಪಾಡು. ಸೂರ್ಯನಷ್ಟೇ ತೂಕದ ಕುಳಿ ಎಂದಿಟ್ಟುಕೊಂಡರೆ, ಮಧ್ಯದಿಂದ 12 ಕಿ.ಮೀ. ದೂರದಲ್ಲಿ ಹರಿವಿನ ವೇಗ ಬೆಳಕಿನ ವೇಗದ ಅರ್ಧ. ಹಾಗಾಗಿ ಅಲ್ಲಿ ಹೊರಮುಖವಾಗಿ ಹೊರಟ ಬೆಳಕು ಪಾರಾಗುತ್ತದೆ, ಆದರೆ ಶಕ್ತಿ ಕಳೆದುಕೊಂಡು ಕೆಂಪಿನ ಕಡೆಗೆ ವಾಲಿರುತ್ತದೆ. 3 ಕಿ.ಮೀ.ಯಲ್ಲಿ ಹರಿವೂ ಬೆಳಕೂ ಸರಿಸಮ, ಎಷ್ಟು ಓಡಿದರೂ ಬೆಳಕು ನಿಂತಲ್ಲೇ. ಆ ಗಡಿಯೇ ಘಟನಾ ದಿಗಂತ. ಅದು ಗೋಡೆಯಲ್ಲ, ಮುಟ್ಟಲು ಅಲ್ಲಿ ಏನೂ ಇಲ್ಲ. ಮುಕ್ಕಾಲು ಕಿ.ಮೀ.ಗೆ ಬಂದರೆ ಹರಿವು ಬೆಳಕಿನ ಎರಡು ಪಟ್ಟು, ಹೊರಕ್ಕೆ ಟಾರ್ಚ್ ಹಿಡಿದರೂ ಬೆಳಕು ಒಳಕ್ಕೇ ಜಾರುತ್ತದೆ.

ಬೆಳಕಿಗಿಂತ ವೇಗ ಇರಬಾರದಲ್ಲ ಅನ್ನುತ್ತೀರಾ? ಆ ನಿಯಮ ಅವಕಾಶದೊಳಗೆ ಓಡುವ ವಸ್ತುವಿಗೆ, ಅವಕಾಶಕ್ಕೇ ಅಲ್ಲ. ಆದರೆ ಹೊಳೆಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ: ಹೊಳೆಯಲ್ಲಿ ಬೇರು ಹಿಡಿದು ನಿಲ್ಲಬಹುದು. ದಿಗಂತದೊಳಗೆ ಮಧ್ಯದ ಕಡೆ ಹೋಗುವುದು ನಾಳೆಯ ಕಡೆ ಹೋದಷ್ಟೇ ಖಚಿತ, ನಿಲ್ಲುವ ಮಾತೇ ಇಲ್ಲ.

ಹಾಗಂತ ಕಪ್ಪುಕುಳಿ ಸುತ್ತಮುತ್ತಲಿನದ್ದನ್ನೆಲ್ಲ ಹೀರಿಬಿಡುತ್ತದೆ ಅನ್ನುವುದು ಸುಮ್ನೆ ಹೆದರಿಕೆ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕುಳಿ ಇಟ್ಟರೆ ಭೂಮಿ ಇರುವ ದೂರದಲ್ಲಿ ಈ ಹರಿವು ಸೆಕೆಂಡಿಗೆ ಸುಮಾರು 42 ಕಿ.ಮೀ. ಈಗ ಸೂರ್ಯನಿಂದ ಪಾರಾಗಲು ಇಲ್ಲಿ ಬೇಕಿರುವ ವೇಗವೂ ಅದೇ. ನಮಗೆ ಚಳಿ ಹಿಡಿಯುತ್ತದೆ, ವರ್ಷಕ್ಕೆ ಮಾತ್ರ ಅದೇ 365 ದಿನ.